ಚೌಕದ ಚಿತ್ರದಲ್ಲಿ ಯಾವ ಗಾಡಿ ಮೊದಲು? ನಾಲ್ಕು ಮನೆ ಬರೆದು ನೋಡಿ

ಪ್ರಶ್ನೆ: ಸರ್, ನನ್ನ ಊರು ಇಂಡಿ, ಈಗ ಚಿಂಚವಾಡದಲ್ಲಿ ಕೆಲಸ. ಲರ್ನಿಂಗ್ ಲೈಸೆನ್ಸಿಗೆ ಓದ್ತಾ ಇದ್ದೀನಿ. ಬೋರ್ಡಿನ ಚಿತ್ರಗಳೆಲ್ಲಾ ಬಾಯಿಪಾಠ ಆಗಿವೆ. ಆದ್ರೆ ಚೌಕದ ಚಿತ್ರ ಕೊಟ್ಟು ಯಾವ ಗಾಡಿ ಮೊದಲು ಅಂತ ಕೇಳಿದ್ರೆ ಪ್ರತಿ ಸಲ ತಪ್ಪು. ಒಂದು ಚಿತ್ರದಲ್ಲಿ ಕೆಳಗಿಂದ ಬಂದ ಕಾರು ಬಲಕ್ಕೆ ತಿರುಗತ್ತೆ, ಮೇಲಿಂದ ಬಸ್ಸು ನೇರ ಬರತ್ತೆ, ಪಕ್ಕದಿಂದ ಸ್ಕೂಟರ್ ನೇರ ಹೋಗತ್ತೆ. ಕಾರು ನಡುವಿಗೆ ಹತ್ತಿರ ಇತ್ತು, ಅದಕ್ಕೆ ಕಾರು ಅಂದೆ. ಪುಸ್ತಕದ ಉತ್ತರ ಬಸ್ಸು. ಯಾಕೆ?

ಉತ್ತರ:

ನೀವು ಚಿತ್ರವನ್ನು ಫೋಟೋ ನೋಡಿದ ಹಾಗೆ ನೋಡಿದ್ದೀರಿ. ಯಾವುದು ಹತ್ತಿರ, ಯಾವುದು ದೊಡ್ಡದು, ಯಾವುದು ಮುಂದೆ ನಿಂತಿದೆ ಅಂತ. ಈ ಚಿತ್ರಗಳಲ್ಲಿ ಅದಕ್ಕೆ ಬೆಲೆ ಇಲ್ಲ. ಚಿತ್ರ ಬಿಡಿಸಿದವರು ಗಾಡಿಯನ್ನು ಒಂದು ಬೆರಳು ಹಿಂದೆಮುಂದೆ ಇಟ್ಟಿರುತ್ತಾರೆ ಅಷ್ಟೇ. ಕೇಳುತ್ತಿರುವುದು ಎರಡೇ ವಿಷಯ: ಯಾರ ದಾರಿ ಯಾರ ದಾರಿಗೆ ಅಡ್ಡ ಬರುತ್ತದೆ, ಅಡ್ಡ ಬಂದಾಗ ಯಾರು ನಿಲ್ಲಬೇಕು. ಇದು ನೋಡಿದರೆ ಕಾಣುವುದಿಲ್ಲ, ಬರೆದರೆ ಕಾಣುತ್ತದೆ.

ಪುಣೆಯಲ್ಲಿ ಡ್ರೈವಿಂಗ್ ಕಲಿಸುತ್ತಾ ನಾನು ನೋಡಿದ್ದು ಇದು. ನಮ್ಮ ಕಡೆಯಿಂದ, ಅಂದರೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಇಲ್ಲಿ ಇನ್ನೊಂದು ಕಡೆನೂ ಎಡವುತ್ತಾರೆ. ಪ್ರಶ್ನೆ ಮರಾಠಿಯಲ್ಲಿದ್ದರೆ ‘ಉಜವಾ’ ಅಂದರೆ ಬಲ, ‘ಡಾವಾ’ ಅಂದರೆ ಎಡ. ನಿತ್ಯ ಮಾತಿನಲ್ಲಿ ಇದು ಗೊತ್ತೇ ಇರುತ್ತದೆ, ಆದರೆ ಅರ್ಧ ನಿಮಿಷದಲ್ಲಿ ಉತ್ತರ ಒತ್ತಬೇಕು ಅನ್ನುವಾಗ ಅದಲುಬದಲಾಗುತ್ತದೆ. ಅದಕ್ಕೇ ಪ್ರಶ್ನೆ ಓದಿದ ತಕ್ಷಣ ಮನಸ್ಸಿನಲ್ಲಿ ಎಡ, ಬಲ ಅಂತ ಕನ್ನಡದಲ್ಲೇ ಹೇಳಿಕೊಂಡು ಆಮೇಲೆ ಚಿತ್ರಕ್ಕೆ ಹೋಗಿ.

ಈಗ ಒಂದು ಹಾಳೆ ತಗೊಳ್ಳಿ. ದೊಡ್ಡ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ರಸ್ತೆ ಬರೆಯಿರಿ, ಸ್ವಲ್ಪ ಅಗಲವಾಗಿ. ಪ್ರತಿ ರಸ್ತೆಯ ನಡುವೆ ತುಂಡು ಗೆರೆ ಹಾಕಿ. ರಸ್ತೆಗಳಿಗೆ ಮೇಲೆ, ಕೆಳಗೆ, ಎಡ, ಬಲ ಅಂತ ಹೆಸರಿಡಬೇಡಿ. ಗೊಂದಲ ಹುಟ್ಟುವುದೇ ಅಲ್ಲಿಂದ. ಹಾಳೆಯ ಬಲ ಬೇರೆ, ಮೇಲಿಂದ ಇಳಿದು ಬರುವ ಬಸ್ಸಿನ ಡ್ರೈವರನ ಬಲಗೈ ಬೇರೆ, ಅಲ್ವಾ? ನಾನು ಹುಡುಗರಿಗೆ ಊರಿನ ಹೆಸರು ಇಡೋಕೆ ಹೇಳುತ್ತೇನೆ. ಕೆಳಗಿನ ರಸ್ತೆ ಕೆರೆಗೆ ಹೋಗುತ್ತದೆ, ಮೇಲಿನದು ಶಾಲೆಗೆ, ಹಾಳೆಯ ಎಡಗಡೆಯದು ಗುಡಿಗೆ, ಬಲಗಡೆಯದು ಮಾರ್ಕೆಟ್ಟಿಗೆ. ಇನ್ನು ಮುಂದೆ ಎಡ, ಬಲ ಅನ್ನುವ ಮಾತು ಡ್ರೈವರನ ಕೈಗೆ ಮಾತ್ರ.

ಗಾಡಿ ಇಡೋದು ಆಮೇಲೆ. ನಮ್ಮಲ್ಲಿ ಎಡಕ್ಕೆ ಓಡಿಸುತ್ತೇವೆ. ಹಾಗಾಗಿ ಕೆರೆ ಕಡೆಯಿಂದ ಚೌಕಕ್ಕೆ ಬರುವ ಕಾರು ಆ ರಸ್ತೆಯಲ್ಲಿ ಗುಡಿ ಕಡೆಯ ಅರ್ಧದಲ್ಲಿ ಇರಬೇಕು. ಶಾಲೆ ಕಡೆಯಿಂದ ಬರುವ ಬಸ್ಸು ಮಾರ್ಕೆಟ್ ಕಡೆಯ ಅರ್ಧದಲ್ಲಿ. ಮಾರ್ಕೆಟ್ ಕಡೆಯಿಂದ ಬರುವ ಸ್ಕೂಟರ್ ಕೆರೆ ಕಡೆಯ ಅರ್ಧದಲ್ಲಿ. ಸಣ್ಣ ಪರದೆಯಲ್ಲಿ ಗಾಡಿಯ ಮೂತಿ ಯಾವ ಕಡೆ ಅಂತ ಗೊತ್ತಾಗದೇ ಇದ್ದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಕೆರೆ ರಸ್ತೆಯಲ್ಲಿ ಮಾರ್ಕೆಟ್ ಕಡೆಯ ಅರ್ಧದಲ್ಲಿ ಒಂದು ಗಾಡಿ ಇದ್ದರೆ ಅದು ಬರುತ್ತಿಲ್ಲ, ಚೌಕ ದಾಟಿ ಹೋಗುತ್ತಿದೆ. ಅದನ್ನು ಹೊಡೆದು ಹಾಕಿ. ಲೆಕ್ಕಕ್ಕೇ ಇಲ್ಲ. ಮೂರು ಗಾಡಿಯ ಪ್ರಶ್ನೆ ಎಷ್ಟೋ ಸಲ ಹೀಗೆ ಎರಡು ಗಾಡಿಗೆ ಇಳಿಯುತ್ತದೆ.

ಈಗ ಮುಖ್ಯವಾದ ಕೆಲಸ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಒಂದು ಚೌಕ ಆಗಿದೆಯಲ್ಲ, ತುಂಡು ಗೆರೆಗಳನ್ನು ಅದರೊಳಗೂ ಎಳೆಯಿರಿ. ನಾಲ್ಕು ಮನೆ ಆಗುತ್ತವೆ, ಚೌಕಾಬಾರದ ಮನೆಗಳ ಹಾಗೆ. ಕೆರೆಯಿಂದ ಬಂದವರು ಮೊದಲು ಕಾಲಿಡುವ ಮನೆ, ಅಂದರೆ ಕೆರೆ ಮತ್ತು ಗುಡಿಯ ನಡುವಿನ ಮೂಲೆ, ಅದಕ್ಕೆ 1 ಅಂತ ಬರೆಯಿರಿ. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೋಗಿ. ಗುಡಿ ಮತ್ತು ಶಾಲೆಯ ನಡುವಿನದು 2, ಶಾಲೆ ಮತ್ತು ಮಾರ್ಕೆಟ್ಟಿನ ನಡುವಿನದು 3, ಮಾರ್ಕೆಟ್ ಮತ್ತು ಕೆರೆಯ ನಡುವಿನದು 4. ಕೆರೆಯವರು 1ರಲ್ಲಿ ಒಳಗೆ ಬರುತ್ತಾರೆ, ಗುಡಿಯವರು 2ರಲ್ಲಿ, ಶಾಲೆಯವರು 3ರಲ್ಲಿ, ಮಾರ್ಕೆಟ್ಟಿನವರು 4ರಲ್ಲಿ.

ಇಷ್ಟಾದ ಮೇಲೆ ಪ್ರತಿ ಗಾಡಿಯ ದಾರಿ ಬರೀ ಅಂಕಿ ಆಗಿಬಿಡುತ್ತದೆ. ಎಡಕ್ಕೆ ತಿರುಗುವವರು ಒಂದೇ ಮನೆ ಮೆಟ್ಟುತ್ತಾರೆ. ನೇರ ಹೋಗುವವರು ಎರಡು. ಬಲಕ್ಕೆ ತಿರುಗುವವರು ಮೂರು. ಬಲಕ್ಕೆ ಯಾಕೆ ಮೂರು ಅಂತ ಕೆಲವರು ಕೇಳುತ್ತಾರೆ, ಓರೆಯಾಗಿ ಅಡ್ಡ ಹೊಡೆದು ಹೋಗಬಹುದಲ್ಲ ಅಂತ. ಪುಣೆಯ ಓಣಿಗಳಲ್ಲಿ ಎಲ್ಲರೂ ಹಾಗೇ ಹೋಗುವುದು, ನಿಜ. ಆದರೆ ಹಳೇ ರಸ್ತೆ ನಿಯಮಗಳಲ್ಲೇ ಇದನ್ನು ಬಿಡಿಸಿ ಬರೆದಿತ್ತು: ಬಲಕ್ಕೆ ತಿರುಗುವಾಗ ರಸ್ತೆಗಳ ನಡುಗೆರೆ ಕೂಡುವ ಬಿಂದುವನ್ನು ದಾಟಿ, ಅದನ್ನು ನಿಮ್ಮ ಬಲಗೈಗೆ ಬಿಟ್ಟು, ಹೊಸ ರಸ್ತೆಯ ಎಡಬದಿ ಸೇರಬೇಕು. ಬಿಂದು ಬಲಗೈಗೆ ಉಳಿಯಬೇಕು ಅಂದರೆ ಸುತ್ತಿ ಹೋಗಲೇಬೇಕು. ಈಗ ಇರುವುದು 2017ರ ಚಾಲನಾ ನಿಯಮಾವಳಿ, ಆದರೂ ಚಿತ್ರ ಬಿಡಿಸೋಕೆ ಆ ಹಳೇ ವಾಕ್ಯದಷ್ಟು ಒಳ್ಳೆಯದು ಇನ್ನೊಂದಿಲ್ಲ.

ನಿಮ್ಮ ಚಿತ್ರಕ್ಕೆ ಬರೋಣ. ಪಕ್ಕದಿಂದ ಅಂದಿದ್ದೀರಿ, ಯಾವ ಪಕ್ಕ ಅಂತ ಬರೆದಿಲ್ಲ. ಬಸ್ಸು ಉತ್ತರ ಆಗಬೇಕಾದರೆ ಸ್ಕೂಟರ್ ಮಾರ್ಕೆಟ್ ಕಡೆಯಿಂದಲೇ ಬಂದಿರಬೇಕು, ಹಾಗೇ ಇಟ್ಟುಕೊಳ್ಳುತ್ತೇನೆ. ಗುಡಿ ಕಡೆಯಿಂದ ಬಂದಿದ್ದರೆ ಅದು ಬಸ್ಸಿನ ಬಲಗೈಗೆ ಬಂದು ಲೆಕ್ಕವೇ ಬದಲಾಗುತ್ತಿತ್ತು.

ಕಾರು ಕೆರೆಯಿಂದ ಬಲಕ್ಕೆ: 1, 2, 3. ಬಸ್ಸು ಶಾಲೆಯಿಂದ ನೇರ: 3, 4. ಸ್ಕೂಟರ್ ಮಾರ್ಕೆಟ್ಟಿನಿಂದ ನೇರ: 4, ಆಮೇಲೆ ಸುತ್ತು ಮುಗಿದು 1. ಈಗ ಒಂದೇ ಅಂಕಿ ಇಬ್ಬರಿಗೆ ಎಲ್ಲಿ ಬಂದಿದೆ ನೋಡಿ. ಕಾರಿಗೂ ಬಸ್ಸಿಗೂ 3ರಲ್ಲಿ ಜಗಳ. ಬಸ್ಸಿಗೂ ಸ್ಕೂಟರಿಗೂ 4ರಲ್ಲಿ. ಸ್ಕೂಟರಿಗೂ ಕಾರಿಗೂ 1ರಲ್ಲಿ. ಮೂವರಿಗೂ ಒಬ್ಬರಿಗೊಬ್ಬರು ಅಡ್ಡ.

ನಿಯಮ ತೆಗೆಯೋದು ಇಲ್ಲಿ, ಇದಕ್ಕಿಂತ ಮೊದಲು ಅಲ್ಲ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಬೋರ್ಡಿಲ್ಲ, ಯಾವುದೂ ಮುಖ್ಯ ರಸ್ತೆ ಅಲ್ಲ ಅಂದಾಗ ನಿಮ್ಮ ಬಲಗೈ ಕಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬಲಗೈ ಹುಡುಕೋಕೆ ಹಾಳೆಯನ್ನು ತಿರುಗಿಸಿ, ನೀವು ನೋಡುತ್ತಿರುವ ಗಾಡಿಯ ಮೂತಿ ಮೇಲಕ್ಕೆ ಬರುವ ತನಕ. ಅಥವಾ ಅಂಕಿಯಲ್ಲೇ ನೋಡಿ, ಇನ್ನೂ ಸುಲಭ: ನೀವು ಒಳಗೆ ಬರುವ ಮನೆಗಿಂತ ಒಂದು ಕಡಿಮೆ ಅಂಕಿಯಲ್ಲಿ ಒಳಗೆ ಬರುವವರು ನಿಮ್ಮ ಬಲಗೈಯವರು. 1ಕ್ಕಿಂತ ಹಿಂದಿನದು 4 ಅಂತ ಇಟ್ಟುಕೊಳ್ಳಿ, ಸುತ್ತು ಅಲ್ವಾ.

ಕಾರು 1ರಲ್ಲಿ ಬರುತ್ತದೆ, ಅದರ ಬಲಕ್ಕೆ 4, ಅಂದರೆ ಸ್ಕೂಟರ್. ಕಾರು ಸ್ಕೂಟರಿಗೆ ನಿಲ್ಲಬೇಕು. ಸ್ಕೂಟರ್ 4ರಲ್ಲಿ, ಅದರ ಬಲಕ್ಕೆ 3, ಅಂದರೆ ಬಸ್ಸು. ಸ್ಕೂಟರ್ ಬಸ್ಸಿಗೆ ನಿಲ್ಲಬೇಕು. ಬಸ್ಸು 3ರಲ್ಲಿ, ಅದರ ಬಲಕ್ಕೆ 2, ಅಂದರೆ ಗುಡಿ ರಸ್ತೆ. ಅಲ್ಲಿ ಯಾರೂ ಇಲ್ಲ. ಬಸ್ಸು ಯಾರಿಗೂ ನಿಲ್ಲಬೇಕಾಗಿಲ್ಲ. ಕಾರು ಮತ್ತು ಬಸ್ಸು ಎದುರುಬದುರು, ಅಲ್ಲಿ ಬಲಗೈ ಮಾತು ಬರುವುದಿಲ್ಲ, ಆದರೆ ಬಲಕ್ಕೆ ತಿರುಗುವವರು ಎದುರಿನಿಂದ ನೇರ ಬರುವವರಿಗೆ ಬಿಡಬೇಕು. ಅಲ್ಲೂ ಕಾರೇ ಸೋಲುತ್ತದೆ.

ಪುಸ್ತಕದ ಉತ್ತರ ಬಂತು, ಆದರೆ ಇಲ್ಲಿಗೆ ನಿಲ್ಲಿಸಬೇಡಿ. ಪ್ರಶ್ನೆ ‘ಯಾವ ಕ್ರಮದಲ್ಲಿ’ ಅಂತ ಇದ್ದರೆ ಬಸ್ಸನ್ನು ಅಳಿಸಿ, ಉಳಿದ ಇಬ್ಬರನ್ನು ಮತ್ತೆ ಬರೆಯಬೇಕು. ಹಳೇ ಚಿತ್ರವನ್ನೇ ನೋಡುತ್ತಾ ಮುಂದಿನದನ್ನು ಊಹಿಸುವವರು ತಪ್ಪುವುದು ಈ ಜಾಗದಲ್ಲಿ. ಬಸ್ಸು ಹೋದ ಮೇಲೆ ಕಾರು 1, 2, 3. ಸ್ಕೂಟರ್ 4, 1. ಜಗಳ 1ರಲ್ಲಿ ಮಾತ್ರ. ಸ್ಕೂಟರಿನ ಬಲಗೈ ಈಗ ಖಾಲಿ. ಸ್ಕೂಟರ್ ಹೋಗುತ್ತದೆ, ಆಮೇಲೆ ಕಾರು. ಬಸ್ಸು, ಸ್ಕೂಟರ್, ಕಾರು. ನಡುವಿಗೆ ಎಲ್ಲರಿಗಿಂತ ಹತ್ತಿರ ಇದ್ದ ನಿಮ್ಮ ಕಾರು ಕೊನೆಗೆ.

ಇದೇ ಚಿತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡುತ್ತೇನೆ. ಬಸ್ಸಿನ ಎಡ ಇಂಡಿಕೇಟರ್ ಉರಿಯುತ್ತಿದೆ, ಅದು ಮಾರ್ಕೆಟ್ ಕಡೆಗೆ ತಿರುಗುತ್ತದೆ. ಈಗ ಬಸ್ಸಿನ ದಾರಿ ಬರೀ 3. ಸ್ಕೂಟರಿನದು 4, 1. ಇಬ್ಬರಿಗೂ ಸಾಮಾನ್ಯವಾದ ಮನೆಯೇ ಇಲ್ಲ! ಬಸ್ಸು ಸ್ಕೂಟರಿನ ಬಲಗೈಗೆ ಇದ್ದರೂ ಅಡ್ಡ ಬರುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗಬಹುದು. ಕಾರಿಗೆ ಮಾತ್ರ ಇಬ್ಬರ ಜೊತೆಗೂ ಜಗಳ ಇದೆ, ಬಸ್ಸಿನ ಜೊತೆ 3ರಲ್ಲಿ, ಸ್ಕೂಟರಿನ ಜೊತೆ 1ರಲ್ಲಿ, ಹಾಗಾಗಿ ಅದು ಕಾಯುತ್ತದೆ. ಬಲಗೈ ನಿಯಮ ಒಂದನ್ನೇ ಬಾಯಿಪಾಠ ಮಾಡಿದವರು ಇಲ್ಲಿ ‘ಸ್ಕೂಟರ್ ಬಸ್ಸಿಗೆ ನಿಲ್ಲಬೇಕು’ ಅಂತ ಗುರುತು ಹಾಕಿ ಬರುತ್ತಾರೆ. ಇಂಡಿಕೇಟರ್ ಚಿತ್ರದಲ್ಲಿ ಒಂದು ಹಳದಿ ಚುಕ್ಕಿ ಅಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ದಾರಿ ಬರೆಯುವ ಮೊದಲು ಪ್ರತಿ ಗಾಡಿಯ ಎರಡೂ ಮೂಲೆ ನೋಡಿ.

ಆದರೆ ಒಂದು ಎಚ್ಚರ. ಚಿತ್ರ ಇಲ್ಲದೆ, ಬರೀ ಮಾತಿನಲ್ಲಿ ‘ಸಿಗ್ನಲ್ ಇಲ್ಲದ, ಪೊಲೀಸ್ ಇಲ್ಲದ ಚೌಕದಲ್ಲಿ ಯಾರಿಗೆ ದಾರಿ ಬಿಡಬೇಕು’ ಅಂತ ಕೇಳಿದರೆ ಮನೆಗಿನೆ ಎಣಿಸುತ್ತಾ ಕೂರಬೇಡಿ. ಬಲಗಡೆಯಿಂದ ಬರುವವರಿಗೆ, ಮುಗೀತು. ನಿಯಮದ ಮಾತು ಅಷ್ಟೇ ಇರುವುದು. ದಾರಿ ಅಡ್ಡ ಬರುತ್ತದೋ ಇಲ್ಲವೋ ಅನ್ನುವ ಲೆಕ್ಕ ಚಿತ್ರ ಇದ್ದಾಗ, ಗಾಡಿ ಯಾವ ಕಡೆ ಹೋಗುತ್ತದೆ ಅಂತ ಕೊಟ್ಟಿದ್ದಾಗ ಮಾತ್ರ.

ಈಗ ಬೋರ್ಡಿನ ಮಾತು. ನೀವು ಬೋರ್ಡೆಲ್ಲಾ ಬಾಯಿಪಾಠ ಅಂದಿರಿ, ಆದರೆ ಚೌಕದ ಚಿತ್ರದಲ್ಲಿ ಅವು ಉಗುರಿನಷ್ಟು ಸಣ್ಣದಾಗಿ ಮೂಲೆಯಲ್ಲಿ ನಿಂತಿರುತ್ತವೆ. ತಲೆಕೆಳಗಾದ ಕೆಂಪಂಚಿನ ತ್ರಿಕೋನ ಅಂದರೆ ದಾರಿ ಬಿಡು, ಎಂಟು ಮೂಲೆಯ ಕೆಂಪು ಬೋರ್ಡು ಅಂದರೆ ನಿಲ್ಲು. ನಿಮ್ಮ ಮೊದಲನೇ ಚಿತ್ರಕ್ಕೇ ಮತ್ತೆ ಹೋಗಿ, ಬಸ್ಸು ನೇರ. ಶಾಲೆ ರಸ್ತೆ, ಕೆರೆ ರಸ್ತೆ ಎರಡರ ತುದಿಗೂ ಆ ತ್ರಿಕೋನ ಬರೆಯಿರಿ. ಅಂದರೆ ಮಾರ್ಕೆಟ್ಟಿನಿಂದ ಗುಡಿಗೆ ಹೋಗುವುದು ಮುಖ್ಯ ರಸ್ತೆ ಆಯಿತು. ಮುಖ್ಯ ರಸ್ತೆಗೆ ಬರುವವರು ಅಲ್ಲಿ ಓಡುತ್ತಿರುವವರಿಗೆ ಬಿಡಬೇಕು, ಬಲಗೈ ಮಾತು ಅಲ್ಲಿ ನಡೆಯುವುದಿಲ್ಲ. ಈಗ ಸ್ಕೂಟರ್ ಮೊದಲು. ಅದನ್ನು ಅಳಿಸಿ. ಬಸ್ಸು, ಕಾರು ಇಬ್ಬರಿಗೂ ತ್ರಿಕೋನ ಇದೆ, ಇಬ್ಬರೂ ಸಮ. ಕಾರು ಬಲಕ್ಕೆ ತಿರುಗುತ್ತದೆ, ಬಸ್ಸು ನೇರ. ಬಸ್ಸು ಎರಡನೆಯದು, ಕಾರು ಕೊನೆ. ಗಾಡಿ ಅದೇ, ದಾರಿ ಅದೇ, ಅಂಕಿ ಅದೇ. ಎರಡು ತ್ರಿಕೋನ ಬಂದಿದ್ದಕ್ಕೆ ಮೊದಲನೇ ಜಾಗ ಬಸ್ಸಿನ ಕೈಯಿಂದ ಸ್ಕೂಟರಿಗೆ ಹೋಯಿತು.

ಅದಕ್ಕೇ ನಾನು ಅಂಕಿ ಬರೆದ ಮೇಲೆ, ನಿಯಮ ಹಚ್ಚುವ ಮುಂಚೆ, ನಾಲ್ಕೂ ರಸ್ತೆಯ ತುದಿಯನ್ನು ಪೆನ್ಸಿಲಿನಿಂದ ಒಂದೊಂದು ಸಲ ಮುಟ್ಟಿಸುತ್ತೇನೆ. ಪೊಲೀಸ್ ಇದ್ದಾನಾ? ಅವನ ಕೈಯೇ ಉತ್ತರ, ಸಿಗ್ನಲ್ ಬೇರೆ ಹೇಳಿದರೂ. ಪೊಲೀಸ್ ಇಲ್ಲ, ಸಿಗ್ನಲ್ ಇದೆಯಾ? ಅದೂ ಇಲ್ಲ, ಬೋರ್ಡ್ ಇದೆಯಾ? ಏನೂ ಇಲ್ಲ ಅಂದಾಗ ಬಲಗೈ. ರಸ್ತೆ ಅಗಲವಾಗಿ ಕಂಡರೆ ಮುಖ್ಯ ರಸ್ತೆ ಅಂತ ನೀವೇ ತೀರ್ಮಾನ ಮಾಡಬೇಡಿ. ಬೋರ್ಡೋ ಪ್ರಶ್ನೆಯ ಮಾತೋ ಹೇಳಬೇಕು.

ಚಿತ್ರ ತಪ್ಪಾಗಿ ಬರೆದಿದ್ದೀರಿ ಅಂತ ಗೊತ್ತಾಗುವ ಒಂದು ಗುರುತು ಹೇಳುತ್ತೇನೆ. ನಾಲ್ಕು ಕಡೆಯಿಂದ ನಾಲ್ಕು ಗಾಡಿ, ಎಲ್ಲವೂ ನೇರ. ಅಂಕಿ ಬರೆದರೆ 1-2, 2-3, 3-4, 4-1. ಪ್ರತಿಯೊಬ್ಬರಿಗೂ ಬಲಗೈಗೆ ಒಬ್ಬರು ಇದ್ದಾರೆ. ಎಲ್ಲರೂ ಎಲ್ಲರಿಗೆ ಬಿಡಬೇಕು, ಯಾರೂ ಹೊರಡುವ ಹಾಗಿಲ್ಲ. ‘ನೀವು ಮೊದಲು, ಇಲ್ಲ ನೀವು ಮೊದಲು’ ಅಂತ ಬಾಗಿಲಲ್ಲೇ ನಿಂತ ಬೀಗರ ಕಥೆ. ಬಲಗೈ ನಿಯಮದಲ್ಲಿ ಇದಕ್ಕೆ ಉತ್ತರವೇ ಇಲ್ಲ. ಆದ್ದರಿಂದ ನಿಮ್ಮ ಹಾಳೆಯಲ್ಲಿ ಹೀಗೆ ಸುತ್ತು ಬಿದ್ದರೆ ಏನೋ ಬಿಟ್ಟಿದ್ದೀರಿ ಅಂತ ಅರ್ಥ. ಒಂದೋ ತ್ರಿಕೋನ ನೋಡಿಲ್ಲ, ಒಂದೋ ಒಂದು ಗಾಡಿ ಬರುತ್ತಿಲ್ಲ, ಹೋಗುತ್ತಿದೆ, ಇಲ್ಲಾ ಅದರಲ್ಲಿ ಒಂದು ಆಂಬುಲೆನ್ಸ್. ವಾಪಸ್ ಚಿತ್ರಕ್ಕೆ ಹೋಗಿ ಹುಡುಕಿ.

ಇನ್ನೊಂದು ತಪ್ಪು ನಿಮ್ಮದಲ್ಲ, ಪುಸ್ತಕದ್ದು. ಮೊದಮೊದಲು ನಾನು ಒಂದು ಅಗ್ಗದ ಅಭ್ಯಾಸದ ಪುಸ್ತಕದಿಂದ ಕಲಿಸುತ್ತಿದ್ದೆ. ಅದರಲ್ಲಿ ಒಂದು ಪುಟದ ಉತ್ತರ ಎಷ್ಟು ತಿಣುಕಿದರೂ ಕೂಡಿ ಬರುತ್ತಿರಲಿಲ್ಲ. ಮೂರು ಬ್ಯಾಚಿಗೆ ಅದನ್ನೇ ಹೇಗೋ ಸಮಜಾಯಿಷಿ ಕೊಟ್ಟು ಒಪ್ಪಿಸಿದೆ, ನಾಚಿಕೆಯ ವಿಷಯ. ಆಮೇಲೆ ಒಬ್ಬ ಹುಡುಗಿ, ಸೊಲ್ಲಾಪುರದವಳು, ಮೇಜಿನ ಮೇಲೆ ಬೆಂಕಿಪೊಟ್ಟಣ, ಐದು ರೂಪಾಯಿ ನಾಣ್ಯ, ಪೆನ್ನಿನ ಮುಚ್ಚಳ ಇಟ್ಟು ಆ ಚಿತ್ರವನ್ನು ಜೋಡಿಸಿದಳು. ಬೆಂಕಿಪೊಟ್ಟಣವನ್ನು ಕೆಳಗಿನ ರಸ್ತೆಯಲ್ಲಿ ಇಟ್ಟವಳು ಹಾಗೇ ಕೈ ತಡೆದು, ‘ಸರ್, ಇದು ರಾಂಗ್ ಸೈಡಿನಲ್ಲಿ ಬರ್ತಾ ಇದೆಯಲ್ಲ’ ಅಂದಳು. ನೋಡಿದರೆ ಹೌದು! ಬಲಕ್ಕೆ ಓಡಿಸುವ ಯಾವುದೋ ದೇಶದ ಚಿತ್ರವನ್ನು ಹಾಗೇ ಎತ್ತಿ ಹಾಕಿದ್ದರು. ಅವತ್ತಿನಿಂದ ಆ ಪುಟವನ್ನು ಹರಿದು ಹಾಕಿದ್ದೇನೆ. ಯೂಟ್ಯೂಬಿನಲ್ಲೂ ಇಂಥವು ಬೇಕಾದಷ್ಟಿವೆ. ಗುರುತು ಸುಲಭ: ಕೆಳಗಿನಿಂದ ಮೇಲೆ ಬರುವ ಗಾಡಿ ಹಾಳೆಯ ಬಲ ಅರ್ಧದಲ್ಲಿ ನಿಂತಿದ್ದರೆ ಅದು ನಮ್ಮ ರಸ್ತೆ ಅಲ್ಲ. ಅಂಥದ್ದರಲ್ಲಿ ಅಭ್ಯಾಸ ಮಾಡಲೇಬೇಡಿ, ಇದ್ದ ಅಭ್ಯಾಸವೂ ಕೆಡುತ್ತದೆ.

ವೃತ್ತ ಇರುವ ಚಿತ್ರಕ್ಕೆ ಹೊಸದಾಗಿ ಕಲಿಯೋದು ಏನೂ ಇಲ್ಲ. ನಮ್ಮ ಅಂಕಿಗಳು ಗಡಿಯಾರದ ಹಾಗೆ ಸುತ್ತುತ್ತವೆ, ವೃತ್ತದಲ್ಲಿ ಗಾಡಿಗಳೂ ಹಾಗೇ ಸುತ್ತುತ್ತವೆ. ಒಳಗೆ ಸುತ್ತುತ್ತಿರುವವರು ಹೊರಗಿನಿಂದ ಬರುವವರ ಬಲಗೈಗೇ ಇರುತ್ತಾರೆ. ಒಳಗಿನವರು ಮೊದಲು.

ಅಭ್ಯಾಸ ಹೇಗೆ ಅಂತ ಕೇಳುತ್ತೀರಿ. ಮೊದಲ ಹತ್ತು ಚಿತ್ರ ಹಾಳೆಯ ಮೇಲೆ ಪೂರ್ತಿ ಬರೆಯಿರಿ, ರಸ್ತೆ, ಮನೆ, ಅಂಕಿ ಎಲ್ಲಾ. ನಿಧಾನ ಆಗಲಿ. ಆಮೇಲಿನ ಹತ್ತಕ್ಕೆ ಬರೀ ಅಂಕಿ ಬರೆಯಿರಿ, ಗೆರೆ ಬೇಡ. ಅದಾದ ಮೇಲೆ ಪೆನ್ಸಿಲ್ ಕೆಳಗಿಟ್ಟು ಮೇಜಿನ ಮೇಲೆ ಬೆರಳಿನಿಂದ ಮಾಡಿ. ಪರೀಕ್ಷೆಯ ದಿನ ಹಾಳೆ ತಿರುಗಿಸೋಕೆ ಹೊತ್ತಿರುವುದಿಲ್ಲ, ಪರದೆಯನ್ನಂತೂ ತಿರುಗಿಸೋಕೆ ಆಗುವುದಿಲ್ಲ. ಅಂಕಿ ತಲೆಯಲ್ಲಿದ್ದರೆ ಅದೆಲ್ಲಾ ಬೇಕಾಗಿಲ್ಲ. ಮತ್ತೆ, ಪಾಸಾಗೋಕೆ ನೂರಕ್ಕೆ 60ರಷ್ಟು ಸರಿ ಬಂದರೆ ಸಾಕು. ಪರದೆಯ ಚಿತ್ರಗಳಲ್ಲಿ ಜಾಸ್ತಿ ಬರುವುದು ಬೋರ್ಡುಗಳೇ. ಚೌಕದ ಚಿತ್ರ ಒಂದು ಬಂದು ಅದರಲ್ಲಿ ಸಿಕ್ಕಿಹಾಕಿಕೊಂಡರೆ ಒಂದು ಉತ್ತರ ಒತ್ತಿ ಮುಂದೆ ಹೋಗಿ, ಅದರ ಚಿಂತೆಯಲ್ಲಿ ಮುಂದಿನದನ್ನೂ ಕಳಕೊಳ್ಳಬೇಡಿ.

ಹಾಳೆಯ ಚೌಕ ಬೇರೆ, ಚಿಂಚವಾಡದ ಚೌಕ ಬೇರೆ, ಅದನ್ನು ನಾನು ಹೇಳಬೇಕಾಗಿಲ್ಲ. ಸೊಸೈಟಿ ಗೇಟುಗಳ ನಡುವಿನ ಸಣ್ಣ ಕೂಡುರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಯಾರೂ ಬಲಗೈ ನೋಡುವುದಿಲ್ಲ, ಮೂತಿ ತೂರಿಸಿದವರು ಮೊದಲು. ಅಲ್ಲಿ ನಿಮ್ಮದೇ ಸರದಿ ಇದ್ದರೂ ಎದುರಿನವರು ನಿಂತಿದ್ದು ಕಂಡ ಮೇಲೇ ಹೊರಡಿ. ಆದರೆ ಆ ಅನುಭವವನ್ನು ಪರೀಕ್ಷೆಯ ಪರದೆಗೆ ತರಬೇಡಿ. ನನ್ನ ಹತ್ತಿರ ಬಂದವರಲ್ಲಿ ಹತ್ತು ವರ್ಷ ಟೆಂಪೊ ಓಡಿಸಿದವರೇ ಈ ಚಿತ್ರಗಳಲ್ಲಿ ಜಾಸ್ತಿ ತಪ್ಪುತ್ತಾರೆ, ಬಸ್ಸು ದೊಡ್ಡದು, ಅದಕ್ಕೆ ಬಿಡಬೇಕು ಅಂತ. ನಿಮ್ಮ ಚಿತ್ರದಲ್ಲಿ ಅವರ ಉತ್ತರ ಸರಿ ಬರುತ್ತಿತ್ತು, ಕಾರಣ ಮಾತ್ರ ತಪ್ಪು. ತ್ರಿಕೋನ ಹಾಕಿದ ಕೂಡಲೇ ಸಿಕ್ಕಿಬೀಳುತ್ತಾರೆ.

ಒಂದನ್ನು ನೀವೇ ಮಾಡಿ ನೋಡಿ. ಗುಡಿ ಕಡೆಯಿಂದ ಬಂದ ಕಾರು ಬಲಕ್ಕೆ ತಿರುಗಿ ಕೆರೆ ಕಡೆ ಹೋಗಬೇಕು. ಕೆರೆ ಕಡೆಯಿಂದ ಬಂದ ಸ್ಕೂಟರ್ ನೇರ ಶಾಲೆಗೆ. ಮಾರ್ಕೆಟ್ ಕಡೆಯಿಂದ ಬಂದ ಬಸ್ಸು ಎಡಕ್ಕೆ ತಿರುಗಿ ಕೆರೆಗೆ. ಬೋರ್ಡಿಲ್ಲ, ಸಿಗ್ನಲ್ ಇಲ್ಲ. ಸ್ಕೂಟರ್ ಮತ್ತು ಬಸ್ಸು ಒಟ್ಟಿಗೆ, ಕಾರು ಆಮೇಲೆ ಅಂತ ಬರಬೇಕು. ಸ್ಕೂಟರ್ ಬಸ್ಸಿಗೆ ಕಾಯುತ್ತದೆ ಅಂತ ಬಂದರೆ ಬಸ್ಸಿನ ಮನೆಗಳನ್ನು ಇನ್ನೊಮ್ಮೆ ಎಣಿಸಿ, ಎಡಕ್ಕೆ ತಿರುಗುವವರಿಗೆ ಒಂದೇ ಮನೆ. ಕಾರು ಮೊದಲು ಅಂತ ಬಂದರೆ ನೀವು ಅದನ್ನು 1ರಿಂದ ಎಣಿಸಿದ್ದೀರಿ, ಗುಡಿಯವರು ಒಳಗೆ ಬರುವುದು 2ರಲ್ಲಿ.